ಜೆಡಿಯಿಂದ ಹೆಸರು ತಗೊಳ್ಳಿ, ವಾಕ್ಯ ಬೇಡ

ದಾವಣಗೆರೆಯ ಹೋಲ್‌ಸೇಲ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಅಕೌಂಟ್ಸ್ ನೋಡ್ತಿದ್ದೇನೆ. ಸುಮಾರು 60 ಸಪ್ಲೈಯರ್‌ಗಳ ಲೆಕ್ಕ ನನ್ನದೇ. ಬೆಂಗಳೂರಿನ ‘ಅಕೌಂಟ್ಸ್ ಪೇಯಬಲ್’ ಕೆಲಸಗಳಿಗೆ ಅರ್ಜಿ ಹಾಕಿದರೆ ಕರೆಯೇ ಬರಲ್ಲ. ಜೆಡಿಯ, ಅಂದರೆ ಕಂಪನಿ ಕೊಟ್ಟ ಕೆಲಸದ ವಿವರಣೆಯ, ಸಾಲುಗಳನ್ನೇ ರೆಸ್ಯೂಮೆಗೆ ಹಾಕು ಅಂತಾನೆ ಸ್ನೇಹಿತ. ಹಾಕಲಾ?

ಬೇಡ. ಆ ಸಾಲು ಬರೆದವರೇ ನಿಮ್ಮ ರೆಸ್ಯೂಮೆ ಓದುತ್ತಾರೆ, ನೋಡಿದ ತಕ್ಷಣ ಗುರುತು ಸಿಗುತ್ತೆ.

ನೀವು ಕಳಿಸಿದ ಜೆಡಿ ನೋಡಿದೆ. ‘ಟೀಮ್ ಪ್ಲೇಯರ್’ ಥರದ್ದನ್ನೆಲ್ಲ ಬಿಡಿ. ಕೆಲಸದ ಮಾತು ಮೂರೇ ಇವೆ: ವೆಂಡರ್ ರೀಕನ್ಸಿಲಿಯೇಷನ್, ಜಿಎಸ್‌ಟಿಆರ್-2ಬಿ ಮ್ಯಾಚಿಂಗ್, ಎಸ್‌ಎಪಿ. ನಿಮ್ಮ ರೆಸ್ಯೂಮೆಯಲ್ಲಿ ಇರೋದು ‘ಪಾರ್ಟಿ ಲೆಜರ್ ಚೆಕ್ ಮಾಡುವುದು’. ಅಯ್ಯೋ, ಅದೇ ವೆಂಡರ್ ರೀಕನ್ಸಿಲಿಯೇಷನ್ ಅಲ್ವಾ? ಅಂಗಡಿಯಲ್ಲಿ ಒಂದು ಹೆಸರು, ಕಂಪನಿಯಲ್ಲಿ ಇನ್ನೊಂದು. ಎಚ್‌ಆರ್‌ನವರು ಹುಡುಕೋದು ಕಂಪನಿಯ ಹೆಸರಿನಲ್ಲಿ. ಎರಡೂ ಒಂದೇ ಅಂತ ಅವರಿಗೂ ಗೊತ್ತಿರಲ್ಲ, ರೆಸ್ಯೂಮೆ ಸೋಸುವ ಸಾಫ್ಟ್‌ವೇರ್‌ಗೂ ಗೊತ್ತಾಗದೇ ಇರಬಹುದು.

ಹಾಗಾಗಿ ಹೆಸರು ಮಾತ್ರ ಅವರದ್ದು ಇರಲಿ, ಉಳಿದದ್ದು ನಿಮ್ಮದು: ‘ಪ್ರತಿ ತಿಂಗಳು 60 ಸಪ್ಲೈಯರ್‌ಗಳ ಸ್ಟೇಟ್‌ಮೆಂಟನ್ನು ಟ್ಯಾಲಿ ಲೆಜರ್ ಜೊತೆ ಹೋಲಿಸಿ ವೆಂಡರ್ ರೀಕನ್ಸಿಲಿಯೇಷನ್, ರೇಟ್ ವ್ಯತ್ಯಾಸಕ್ಕೆ ಡೆಬಿಟ್ ನೋಟ್.’ ಈಗ ‘ವೆಂಡರ್ ರೀಕನ್ಸಿಲಿಯೇಷನ್’ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಉಳಿದ ಸಾಲಿನಲ್ಲೂ ನೀವೇನು ಮಾಡಿದಿರಿ ಅಂತ ತಿಳಿಯುತ್ತೆ. ಬೆರಳಿಟ್ಟಾಗ ಏನೂ ಉಳಿಯದಿದ್ದರೆ ಅದು ಕಾಪಿ.

ಆ ಹೆಸರು ಕೆಲಸದ ಸಾಲಿನಲ್ಲಿ ಒಮ್ಮೆ, ಸ್ಕಿಲ್ಸ್‌ನಲ್ಲಿ ಒಮ್ಮೆ ಬಂದರೆ ಸಾಕು. ಮೂರನೇ ಸಲ ಬಂದರೆ, ರೆಸ್ಯೂಮೆ ನೋಡಿ ಜನ ಆರಿಸುವ ನನಗಂತೂ ಅನುಮಾನ ಶುರು.

2ಬಿ ಅಂದರೆ ಸಪ್ಲೈಯರ್‌ಗಳು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ, ಅದರ ವಿಷಯದಲ್ಲಿ ಹುಷಾರು. ತಿಂಗಳ 14ರ ನಂತರ ಅದನ್ನು ಇಳಿಸಿಕೊಂಡು, ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಬಿಲ್ ಕಾಣದ ಸಪ್ಲೈಯರ್‌ಗೆ ಫೋನ್ ಮಾಡೋದು ನೀವೇ ಆದರೆ ಅಷ್ಟನ್ನೂ ಬರೆಯಿರಿ. ನಿಮ್ಮ ಆಡಿಟರ್ ಆಫೀಸಿನವರು ಮಾಡ್ತಿದ್ದರೆ ಆ ಪದವೇ ಬೇಡ. ‘ಬಿಲ್ ನಿಮ್ಮ ಹತ್ತಿರ ಇದೆ, 2ಬಿಯಲ್ಲಿ ಇಲ್ಲ, ಆಗ ತೆರಿಗೆ ಕ್ರೆಡಿಟ್ ಏನು ಮಾಡಿದಿರಿ?’ ಅಂತ ನಾನು ಕೇಳುವ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಎಸ್‌ಎಪಿ ಮುಟ್ಟಿಲ್ಲ ತಾನೆ? ‘ಟ್ಯಾಲಿ, 4 ವರ್ಷ’ ಅಂತ ಬರೆದು ಸುಮ್ನಿರಿ. ಎಸ್‌ಎಪಿ ಕಡ್ಡಾಯ ಅನ್ನುವ ಕಡೆ ಕರೆ ಬರಲ್ಲ, ಅದಕ್ಕೆ ಪದದ ಮದ್ದಿಲ್ಲ.

ಜೆಡಿಯನ್ನು ಬಿಳಿ ಅಕ್ಷರದಲ್ಲಿ ಕೆಳಗೆ ಅಂಟಿಸಿದರೆ ಸಾಫ್ಟ್‌ವೇರ್ ಮಾತ್ರ ಓದುತ್ತಂತೆ, ಹೌದಾ?

ಇದನ್ನು ಯಾವ ಯೂಟ್ಯೂಬ್ ಪಂಡಿತ ಕಲಿಸಿದನೋ! ಸಾಮಾನ್ಯವಾಗಿ ಸಾಫ್ಟ್‌ವೇರ್ ಬಣ್ಣ ಬಿಟ್ಟು ಅಕ್ಷರ ಮಾತ್ರ ಎತ್ತಿಕೊಡುತ್ತೆ, ನಮ್ಮ ಸ್ಕ್ರೀನ್ ಮೇಲೆ ಅದು ಕಪ್ಪಗೇ ಕಾಣುತ್ತೆ.

ಒಂದು ವೆಬ್‌ಸೈಟ್ ನನ್ನ ರೆಸ್ಯೂಮೆಗೆ 62 ಅಂಕ ಕೊಟ್ಟಿದೆ. 90 ಮಾಡೋಕೆ ದುಡ್ಡು ಕೇಳ್ತಿದೆ. ಕೊಡಲಾ?

ಕೊಡಬೇಡಿ. ಆ ಅಂಕ ಅವರ ಅಂಗಡಿಯದ್ದು, ಕೆಲಸ ಕೊಡುವವರ ಕಣ್ಣಿಗೆ ಬೀಳೋದೇ ಇಲ್ಲ.