ಬಿದ್ದೋಗೋ ಹಾಲು ಹಲ್ಲಿಗೆ ಟ್ರೀಟ್‌ಮೆಂಟ್ ಯಾಕೆ?

ಮಗಳಿಗೆ 5 ವರ್ಷ, ಕೆಳಗಡೆ ಕೊನೇ ಹಾಲು ದವಡೆ ಹಲ್ಲು ಹುಳುಕಾಗಿದೆ. ಹೇಗೂ ಬೀಳೋ ಹಲ್ಲು, ಕೀಳಿಸಿಬಿಟ್ರೆ ಆಗಲ್ವಾ?

ಈ ವಯಸ್ಸಲ್ಲಿ ಆದಷ್ಟು ಬೇಡ. ಅದು ತಾನಾಗೇ ಬೀಳೋದು 10-12 ವರ್ಷಕ್ಕೆ, ಆದ್ರೆ 6ರ ಸುಮಾರಿಗೆ ಅದರ ಹಿಂದೇನೇ ಮೊದಲ ಪರ್ಮನೆಂಟ್ ದವಡೆ ಹಲ್ಲು ಬರುತ್ತೆ, ಈ ಹಾಲು ಹಲ್ಲು ಇಲ್ಲಾಂದ್ರೆ ಅದು ಮುಂದಕ್ಕೆ ವಾಲಿ ಜಾಗ ತಿಂದುಬಿಡುತ್ತೆ, ಆಮೇಲೆ ಅಡಿಯಿಂದ ಬರಬೇಕಾದ ಹಲ್ಲು ಒಳಗೇ ಸಿಕ್ಕಿಕೊಳ್ಳುತ್ತೆ ಇಲ್ಲಾ ಸೊಟ್ಟಗೆ ಬರುತ್ತೆ.

ಸಿಹಿ, ತಣ್ಣಗಿಂದು ತಿಂದಾಗ ಮಾತ್ರ ನೋವು ಬಂದು ಬೇಗ ನಿಂತ್ರೆ ಸಾಮಾನ್ಯವಾಗಿ ಪಲ್ಪಾಟಮಿ ಸಾಕು. ಇಂಜೆಕ್ಷನ್ ಕೊಟ್ಟು ಹಲ್ಲೊಳಗೆ ನರ, ರಕ್ತನಾಳ ಇರೋ ಮೆತ್ತನೆ ಭಾಗ, ಅಂದ್ರೆ ಪಲ್ಪ್, ಅದರಲ್ಲಿ ಮೇಲ್ಭಾಗದ್ದು ಮಾತ್ರ ತೆಗೆದು ಒದ್ದೆ ಹತ್ತಿ ಒತ್ತಿ ಹಿಡೀತಾರೆ, ಕೆಲವೇ ನಿಮಿಷದಲ್ಲಿ ರಕ್ತ ನಿಂತ್ರೆ ಬೇರಿನ ಪಲ್ಪ್ ಚೆನ್ನಾಗಿದೆ ಅಂತ ಅಂದ್ಕೊಂಡು ಎಂಟಿಎ ಅನ್ನೋ ಸಿಮೆಂಟ್ ಹಾಕಿ ಸ್ಟೀಲ್ ಕ್ಯಾಪ್ ಕೂರಿಸ್ತಾರೆ. ರಕ್ತ ನಿಲ್ಲದಿದ್ರೆ, ಅಥವಾ ರಾತ್ರಿ ಸುಮ್ಮನೇ ನೋವು ಬರ್ತಿದ್ರೆ, ಪಲ್ಪೆಕ್ಟಮಿ: ಬೇರಿನೊಳಗೂ ಕ್ಲೀನ್ ಮಾಡಿ ಕರಗೋ ಪೇಸ್ಟ್ ತುಂಬೋದು, ಮುಂದೆ ಬೇರು ಕರಗುವಾಗ ಅದೂ ಕರಗ್ಲಿ ಅಂತ (ದೊಡ್ಡೋರಿಗೆ ತುಂಬೋ ಗಟ್ಟಿ ಮೆಟೀರಿಯಲ್ ಇಲ್ಲಿ ಆಗಲ್ಲ). ಎಕ್ಸ್‌ರೇಲಿ ಬೇರು, ಸುತ್ತಲ ಮೂಳೆ ತುಂಬಾ ಹಾಳಾಗಿದ್ರೆ ಕೀಳೋದೇ ಸರಿ.

ಕೀಳಿಸಿದ್ರೆ ಆ ಜಾಗ ಮುಚ್ಚಿಹೋಗದ ಹಾಗೆ ಹಿಡಿದಿಡೋ ಸ್ಪೇಸ್ ಮೇಂಟೇನರ್ ಕೇಳಿ. ಪರ್ಮನೆಂಟ್ ದವಡೆ ಹಲ್ಲು ಹೊರಗೆ ಬಂದಿದ್ರೆ ಅದಕ್ಕೆ ಪಟ್ಟಿ ಹಾಕಿ ಮುಂದಕ್ಕೆ ತಂತಿ ಕೊಡೋ ಬ್ಯಾಂಡ್ ಅಂಡ್ ಲೂಪ್ ಸುಲಭ. ನಿಮ್ಮ ಮಗಳಿಗೆ ಅದಿನ್ನೂ ಬಂದಿರಲ್ಲ ಅನ್ಸುತ್ತೆ, ಹಾಗಾಗಿ ವಸಡಿನೊಳಗೆ ಇಳಿಯೋ ಡಿಸ್ಟಲ್ ಶೂ ಬೇಕಾಗ್ಬೋದು, ಅದು ಕೂರಿಸೋದು, ನೋಡ್ಕೊಳ್ಳೋದು ಎರಡೂ ತಲೆನೋವು, ಕೆಲವು ಹಾರ್ಟ್ ತೊಂದರೆ ಇರೋ ಮಕ್ಕಳಿಗೆ ಹಾಕೋದೂ ಇಲ್ಲ. ಯಾವುದೇ ಹಾಕಿದ್ರೂ 6 ತಿಂಗಳಿಗೊಮ್ಮೆ ತೋರಿಸಿ, ಪಟ್ಟಿ ಸಡಿಲ ಆದ್ರೆ ಒಳಗೇ ಹುಳುಕು ಹಿಡಿಯುತ್ತೆ.