1:3 ಅಂದ್ರೆ ರಾತ್ರಿ ಡ್ಯೂಟಿಗೆ ಎಷ್ಟು ಜನ?

ಪ್ರಶ್ನೆ: ನಾನು ಬಿ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ. ಮ್ಯಾನೇಜ್‌ಮೆಂಟ್ ಅಸೈನ್‌ಮೆಂಟ್‌ಗೆ 30 ಬೆಡ್‌ನ ಮೆಡಿಕಲ್ ವಾರ್ಡ್‌ಗೆ ಡ್ಯೂಟಿ ರೋಸ್ಟರ್ ಹಾಕಬೇಕು, ಸಿಬ್ಬಂದಿ ನಡುವಿನ ಒಂದು ಜಗಳ ಹೇಗೆ ಬಗೆಹರಿಸೋದು ಅಂತಾನೂ ಬರೀಬೇಕು. ಪುಸ್ತಕದಲ್ಲಿ 1:3 ಅಂತ ಇದೆ. ಅಂದ್ರೆ ಒಂದೊಂದು ಶಿಫ್ಟ್‌ಗೂ 10 ನರ್ಸ್ ಬೇಕಾ? ನಾನು ಪೋಸ್ಟಿಂಗ್ ಹೋದ ವಾರ್ಡ್‌ನಲ್ಲಿ ರಾತ್ರಿ ಒಬ್ಬರೇ ಸಿಸ್ಟರ್ ಇದ್ದರು.

ಉತ್ತರ:

ಆ 10 ಇಡೀ ದಿನಕ್ಕೆ, ಒಂದು ಶಿಫ್ಟ್‌ಗೆ ಅಲ್ಲ. ನಾನು ಕೊಪ್ಪಳದಲ್ಲಿ ವಾರ್ಡ್ ಇನ್‌ಚಾರ್ಜ್. ನಮ್ಮ ಕಡೆಗೆ ಬರುವ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕದಲ್ಲಿ ಟೀಚಿಂಗ್ ಆಸ್ಪತ್ರೆಯ ಜನರಲ್ ವಾರ್ಡ್‌ಗೆ 1:3, ಅಂದರೆ 3 ಬೆಡ್‌ಗೆ ಒಬ್ಬ ನರ್ಸ್. ಅದರ ಪಕ್ಕದಲ್ಲೇ ಪ್ರತಿ ಶಿಫ್ಟ್‌ಗೆ 1:9 ಅಂತಲೂ ಇದೆ, ಅದನ್ನ ಯಾರೂ ಓದುವುದಿಲ್ಲ. 30 ಬೆಡ್‌ಗೆ 10 ಜನ. ಬೆಳಿಗ್ಗೆ 4, ಮಧ್ಯಾಹ್ನ 3, ರಾತ್ರಿ 3 ಅಂತ ಹಂಚಿದರೆ 10 ಮುಗಿಯಿತು. ಇದರ ಮೇಲೆ ರಜೆಗೆ ಅಂತ ಶೇಕಡಾ 30 ಸೇರಿಸಬೇಕು. ಒಟ್ಟು 13. ಟೀಚಿಂಗ್ ಅಲ್ಲದ ಆಸ್ಪತ್ರೆಗೆ 1:5, ಅದಕ್ಕೂ ಶೇಕಡಾ 30. ನಿಮ್ಮ ಆಸ್ಪತ್ರೆ ಯಾವುದು ಅಂತ ಮೊದಲೇ ಒಂದು ಸಾಲು ಬರೆದುಬಿಡಿ.

ಆ ಶೇಕಡಾ 30 ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳುತ್ತಾರೆ. ಒಂದು ಕುರ್ಚಿ ವರ್ಷದ 365 ದಿನದಲ್ಲಿ ಒಂದು ದಿನವೂ ಖಾಲಿ ಇರಬಾರದು. ಆದರೆ ಆ ಕುರ್ಚಿಯಲ್ಲಿ ಕೂರುವವರಿಗೆ ವಾರದ ಆಫೇ 52. ಗಳಿಕೆ ರಜೆ 30. ಅದರ ಮೇಲೆ ಸಿ.ಎಲ್., ಹಬ್ಬದ ರಜೆ. ಸುಮಾರು 100 ದಿನ ಅವರು ಇರುವುದಿಲ್ಲ. 365ನ್ನು 265ರಿಂದ ಭಾಗಿಸಿ ನೋಡಿ, 1.38 ಬರುತ್ತದೆ. ಅಂದರೆ ಒಂದು ಕುರ್ಚಿಗೆ ಒಂದೂಮುಕ್ಕಾಲು ಅಲ್ಲದಿದ್ದರೂ, ಒಂದೂಕಾಲಿಗಿಂತ ಜಾಸ್ತಿ ಜನ ಬೇಕು. ಶೇಕಡಾ 30 ಧಾರಾಳ ಅಲ್ಲ, ಸ್ವಲ್ಪ ಕಡಿಮೆಯೇ.

ಇನ್ನು ನೀವು ನೋಡಿದ ಆ ಒಬ್ಬರೇ ಸಿಸ್ಟರ್ ವಿಷಯ. ನನ್ನ ಹಳೆಯ ವಾರ್ಡ್ ಒಂದರ ಲೆಕ್ಕ ಹೇಳುತ್ತೇನೆ, ಅಸೈನ್‌ಮೆಂಟ್‌ಗೆ ಅದೇ ಒಳ್ಳೆಯ ಕೇಸ್. ರಿಜಿಸ್ಟರ್‌ನಲ್ಲಿ 9 ಸ್ಟಾಫ್ ನರ್ಸ್. ಒಬ್ಬರು ಹೆರಿಗೆ ರಜೆ, ಅದು 180 ದಿನ. ಇನ್ನೊಬ್ಬರನ್ನು ಓ.ಪಿ.ಡಿ.ಗೆ ಹಾಕಿದ್ದರು. ಸಂಬಳ ನಮ್ಮ ವಾರ್ಡ್‌ನ ಲೆಕ್ಕದಲ್ಲಿ, ಕೆಲಸ ಅಲ್ಲಿ. ಉಳಿದವರು 7. ಒಬ್ಬೊಬ್ಬರು ವಾರಕ್ಕೆ 6 ಡ್ಯೂಟಿ ಮಾಡಿದರೆ ಕೈಯಲ್ಲಿ 42 ಡ್ಯೂಟಿ. ಬೆಳಿಗ್ಗೆ 3, ಮಧ್ಯಾಹ್ನ 2, ರಾತ್ರಿ 1 ಹಾಕಿದರೆ ದಿನಕ್ಕೆ 6, ವಾರಕ್ಕೆ 42. ಸರಿಯಾಗಿ ಹೊಂದಿತು ಅಲ್ವಾ? ಹೊಂದಿದ್ದೇ ತೊಂದರೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಆಫ್ ಹೋಯಿತು.

ಅದಲ್ಲದೆ ಆ 42 ಕೂಡ ನಿಜವಾದ 42 ಅಲ್ಲ. ನಮ್ಮಲ್ಲಿ ಬೆಳಿಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಸಾಲಾಗಿ 6 ರಾತ್ರಿ ಅಂದರೆ 72 ಗಂಟೆ. ಏಳನೇ ದಿನ ಬೆಳಿಗ್ಗೆ ಮನೆಗೆ ಹೋಗಿ ಮಲಗಿದರೆ ಆ ದಿನ ಹಾಗೇ ಕಳೆಯುತ್ತದೆ. ಅದನ್ನೇ ವೀಕ್ಲಿ ಆಫ್ ಅಂತ ಬರೆದರೆ ಮೋಸ. ಹಾಗಾಗಿ ನೈಟ್ ಮುಗಿದ ಮೇಲೆ ಎರಡು ದಿನ ಬಿಡಬೇಕು. ಆಗ ವಾರಕ್ಕೆ ಹೆಚ್ಚುಕಡಿಮೆ ಒಂದು ಡ್ಯೂಟಿ ಕೈಬಿಡುತ್ತದೆ. ಉಳಿಯುವುದು 41. ಆ ಒಂದನ್ನು ಎಲ್ಲಿ ಕಡಿಮೆ ಮಾಡುತ್ತೀರಿ ಅನ್ನುವುದೇ ನಿಮ್ಮ ರೋಸ್ಟರ್‌ನ ಬುದ್ಧಿವಂತಿಕೆ. ನಾನು ಭಾನುವಾರ ಬೆಳಿಗ್ಗೆ 3ರ ಬದಲು 2 ಹಾಕುತ್ತಿದ್ದೆ. ಅವತ್ತು ದೊಡ್ಡ ರೌಂಡ್ಸ್ ಇಲ್ಲ, ಓ.ಪಿ.ಡಿ.ಯಿಂದ ಅಡ್ಮಿಷನ್ ಇಲ್ಲ, ಸ್ಟೋರ್‌ಗೆ ಇಂಡೆಂಟ್ ಇಲ್ಲ. ರಾತ್ರಿಯದನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಕಡಿಮೆ ಮಾಡಲು ಏನೂ ಉಳಿದಿಲ್ಲ. 1:9 ಬರೆದ ಕಡೆ 1:30 ನಡೆಯುತ್ತಿದೆ.

ಹಾಕುವಾಗ ಪೆನ್ಸಿಲ್‌ನಲ್ಲಿ ಮೊದಲು ನೈಟ್ ತುಂಬಿಸಿ, ಆಮೇಲೆ ನೈಟ್ ಆಫ್, ಆಮೇಲೆ ವೀಕ್ಲಿ ಆಫ್, ಕೊನೆಗೆ ಮಧ್ಯಾಹ್ನ. ಉಳಿದದ್ದು ತಾನಾಗಿಯೇ ಬೆಳಿಗ್ಗೆಯ ಡ್ಯೂಟಿ ಆಗುತ್ತದೆ. ಬೆಳಿಗ್ಗೆಯಿಂದ ಶುರು ಮಾಡಿದವರಿಗೆ ಗುರುವಾರ ಬರುವ ಹೊತ್ತಿಗೆ ನೈಟ್‌ಗೆ ಜನ ಸಿಗುವುದಿಲ್ಲ. ಸರದಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಆಫ್ ಹೀಗೆ ಮುಂದಕ್ಕೆ ಹೋಗಲಿ. ನೈಟ್ ಮುಗಿಸಿದವರನ್ನು ಅದೇ ದಿನ ಮಧ್ಯಾಹ್ನ ಕರೆಯಬೇಡಿ. ವಿದ್ಯಾರ್ಥಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಿಮ್ಮನ್ನೂ ಕೂಡ! ಕ್ಯಾನ್ಸಲ್ ಆದ ಆಫ್‌ಗಳಿಗೆ ಒಂದು ಬಾಕಿ ಪುಸ್ತಕ ಇಡಿ. ಬಾಯಲ್ಲಿ "ಮುಂದಿನ ವಾರ ಕೊಡ್ತೀನಿ ತಗೋ" ಅಂದದ್ದು ಒಂದೂ ನೆನಪಿರುವುದಿಲ್ಲ.

ಈಗ ಜಗಳ. ಮಾತು ಬಿಟ್ಟ ಇಬ್ಬರು ಸಿಸ್ಟರ್‌ಗಳ ಕಥೆ ಇದು, ಮೇಲಿನ ಅದೇ ವಾರ್ಡ್‌ನದು.

ಒಬ್ಬರು ಹಿರಿಯ ಸಿಸ್ಟರ್, ಇನ್ನೊಬ್ಬಳು ಗುತ್ತಿಗೆ ಮೇಲೆ ಬಂದ ಹೊಸ ಹುಡುಗಿ. ಇಬ್ಬರೂ ಹ್ಯಾಂಡೋವರ್‌ನಲ್ಲಿ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ರೋಗಿಯ ಹತ್ತಿರ ಹೋಗದೆ ಟೇಬಲ್ ಹತ್ತಿರವೇ ರಿಪೋರ್ಟ್ ಬುಕ್ ತಳ್ಳಿ "ಎಲ್ಲಾ ಬರ್ದಿದೆ ನೋಡ್ಕೋ" ಅನ್ನುವುದು. ನಾನು ಮೊದಲು ಇದನ್ನು ಸ್ವಭಾವದ ವಿಷಯ ಅಂದುಕೊಂಡು ಸುಮ್ಮನಿದ್ದೆ. ನನ್ನ ತಪ್ಪು ಅದೇ.

ಒಂದು ರಾತ್ರಿ 12ನೇ ಬೆಡ್‌ನ ಅಜ್ಜನ 8 ಗಂಟೆಯ ಆಂಟಿಬಯೋಟಿಕ್ ಇಂಜೆಕ್ಷನ್ ತಪ್ಪಿತು. ದಿನಕ್ಕೆ ಎರಡು ಬಾರಿ ಅಂದರೆ ನಾವು ಬೆಳಿಗ್ಗೆ 8, ರಾತ್ರಿ 8 ಅಂತ ಬರೆಯುತ್ತೇವೆ. ಡ್ಯೂಟಿ ಬದಲಾಗುವುದೂ 8ಕ್ಕೆ. ಹೋಗುವವರು "ಬಂದವರು ಕೊಡ್ತಾರೆ" ಅಂದುಕೊಂಡರು. ಬಂದವರು "ಹೋದವರು ಕೊಟ್ಟಿರ್ತಾರೆ" ಅಂದುಕೊಂಡರು. ಇಬ್ಬರ ನಡುವೆ ಮಾತಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. 11 ಗಂಟೆಗೆ ಚಾರ್ಟ್ ನೋಡುವಾಗ ಸಹಿಯ ಜಾಗ ಖಾಲಿ ಕಂಡಿತು. ಡ್ಯೂಟಿ ಡಾಕ್ಟರ್‌ಗೆ ಹೇಳಿ ಆಗ ಕೊಟ್ಟೆವು. ಅಜ್ಜನಿಗೆ ಏನೂ ಆಗಲಿಲ್ಲ.

ಮರುದಿನ ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಬಹುದಿತ್ತು. ಹೇಳಲಿಲ್ಲ. ಹಿಂದಿನ ಮೂರು ತಿಂಗಳ ರೋಸ್ಟರ್ ತೆಗೆದು ಒಂದು ಹಾಳೆಯಲ್ಲಿ ಗೀಟು ಎಳೆದೆ. ಪ್ರತಿಯೊಬ್ಬರಿಗೂ ಎಷ್ಟು ನೈಟ್, ಎಷ್ಟು ಭಾನುವಾರ, ಎಷ್ಟು ಹಬ್ಬದ ದಿನ, ಎಷ್ಟು ಕ್ಯಾನ್ಸಲ್ ಆದ ಆಫ್. ಸಮವಾಗಿ ಹಂಚಿದ್ದರೆ 13 ವಾರದ 91 ರಾತ್ರಿಯಲ್ಲಿ ಒಬ್ಬೊಬ್ಬರಿಗೆ 13 ಬರಬೇಕು. ಹುಡುಗಿಯ ಹೆಸರಿನ ಮುಂದೆ 24. ಹಿರಿಯರ ಮುಂದೆ 4. ಹಾಕಿದ್ದು ನಾನೇ. ಹಿರಿಯರು ಬಿ.ಪಿ. ಅಂದಾಗಲೆಲ್ಲ ಅವರ ನೈಟ್ ತೆಗೆದು, ಬಾಯಿಲ್ಲದ ಹುಡುಗಿಗೆ ಹಾಕಿದ್ದೆ. ಒಂದೊಂದು ವಾರ ನೋಡಿದಾಗ ತಪ್ಪು ಕಾಣಲಿಲ್ಲ, ಒಟ್ಟಿಗೆ ನೋಡಿದಾಗ ಮುಖಕ್ಕೆ ಹೊಡೆದಂತೆ ಕಂಡಿತು.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದೆ, ಡ್ಯೂಟಿ ರೂಮ್‌ನಲ್ಲಿ, ಬಾಗಿಲು ಹಾಕಿ. ಹುಡುಗಿ ಹತ್ತು ನಿಮಿಷ ಏನೂ ಹೇಳಲಿಲ್ಲ. ಆಮೇಲೆ "ನಾನು ಕಾಂಟ್ರಾಕ್ಟ್ ಅಲ್ವಾ ಮೇಡಂ, ಬೇಡ ಅಂದ್ರೆ ರಿನ್ಯೂವಲ್ ಮಾಡಲ್ಲ ಅಂತ ಸುಮ್ನಿದ್ದೆ" ಅಂದಳು. ಹಿರಿಯರು "ನಾನು ನೈಟ್ ಬೇಡ ಅಂದೆ, ಅವಳಿಗೆ ಹಾಕು ಅಂತ ಎಲ್ಲಿ ಅಂದೆ?" ಅಂದರು. ಅವರ ಮಾತೂ ಸರಿ. ಆಮೇಲೆ ಇಬ್ಬರನ್ನೂ ಕೂರಿಸಿ ಹಾಳೆಯನ್ನು ಮಧ್ಯೆ ಇಟ್ಟೆ, ಹಾಕಿದ್ದು ನಾನು ಅಂತ ಮೊದಲು ಹೇಳಿದೆ. ಅರ್ಧ ಬಿಸಿ ಅಲ್ಲೇ ಇಳಿಯಿತು.

ಕೊನೆಗೆ ಒಪ್ಪಿದ್ದು ಇಷ್ಟು. ಹಿರಿಯರು ಡಾಕ್ಟರ್ ಸರ್ಟಿಫಿಕೇಟ್ ತಂದರೆ ಅವರ ನೈಟ್ ಅರ್ಧ ಮಾಡುವುದು, ಅದರ ಬದಲು ಭಾನುವಾರದ ಮಧ್ಯಾಹ್ನ ಅವರದು. ತೆಗೆದ ನೈಟ್ ಉಳಿದ ಎಲ್ಲರಿಗೂ ಸರದಿ ಮೇಲೆ, ಒಬ್ಬರ ತಲೆಗೇ ಅಲ್ಲ. ರಾತ್ರಿ 8ರ ಔಷಧಿ ಮಧ್ಯಾಹ್ನದವರದು, ಕೊಟ್ಟು ಸಹಿ ಹಾಕಿ, ಆಮೇಲೆ ಬೆಡ್ ಬೆಡ್ ಹತ್ತಿರ ಹೋಗಿ ಹ್ಯಾಂಡೋವರ್. ಬರುವವರು 15 ನಿಮಿಷ ಮೊದಲು. ಅದು ಬರುವವರ ಡ್ಯೂಟಿ ಅವಧಿಯಲ್ಲಿ ಇಲ್ಲ, ಆದ್ದರಿಂದ ಆ ಸಮಯದ ಬಗ್ಗೆಯೂ ಬೇಗ ಜಗಳ ಬರುತ್ತದೆ. ನಾವು ಅದನ್ನೂ ಬಾಕಿ ಪುಸ್ತಕಕ್ಕೆ ಸೇರಿಸಿದೆವು. ನಾಲ್ಕು ವಾರದ ನಂತರ ಮತ್ತೆ ಗೀಟು ಎಣಿಸುವುದು.

ಎಕ್ಸಾಮಿನರ್‌ಗೆ ಜಗಳ ನಿಭಾಯಿಸುವ ಥಾಮಸ್-ಕಿಲ್ಮನ್ ಅವರ ಐದು ದಾರಿ ಬೇಕಾಗುತ್ತದೆ, ಬರೆಯಿರಿ. ನಾನು ಮೊದಲು ಮಾಡಿದ್ದು ತಪ್ಪಿಸಿಕೊಳ್ಳುವುದು. ಹಿರಿಯರ ಮಾತಿಗೆ ಮಣಿದು ನೈಟ್ ತೆಗೆದದ್ದು ಬಿಟ್ಟುಕೊಡುವುದು. ಕೊನೆಗೆ ನಡೆದದ್ದು ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟ ರಾಜಿ. ಪೂರ್ತಿ ಸಹಕಾರ ಅಂತ ಬರೆದು ದೊಡ್ಡದು ಮಾಡಬೇಡಿ. ಗುತ್ತಿಗೆಯವಳ ಸಂಬಳವಾಗಲಿ ಭಯವಾಗಲಿ ರೋಸ್ಟರ್‌ನಿಂದ ಬದಲಾಗಲಿಲ್ಲ. ಎರಡು ಖಾಲಿ ಕುರ್ಚಿಯೂ ತುಂಬಲಿಲ್ಲ. ಅದಕ್ಕೆ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲೆಕ್ಕದ ಹಾಳೆ ಸಮೇತ ಪತ್ರ ಕೊಟ್ಟೆ. "ಜನ ಕಡಿಮೆ" ಅಂತ ಬರೆದ ಪತ್ರಕ್ಕಿಂತ "42 ಬೇಕು, 41 ಇದೆ, ಮೂರು ತಿಂಗಳಲ್ಲಿ ಇಷ್ಟು ಆಫ್ ಕ್ಯಾನ್ಸಲ್" ಅಂತ ಬರೆದದ್ದನ್ನು ಅವರು ಮೇಲಕ್ಕೆ ಕಳಿಸಲು ಸುಲಭ. ಓ.ಪಿ.ಡಿ.ಗೆ ಹೋದವರು ಎರಡು ತಿಂಗಳಿಗೆ ವಾಪಸ್ ಬಂದರು.

ಹಬ್ಬದ ರಜೆ ಬಗ್ಗೆಯೂ ಒಂದು ಪ್ಯಾರಾ ಹಾಕಿ, ಇಲ್ಲಿ ಅದು ಬಿಟ್ಟರೆ ರೋಸ್ಟರ್ ಅಪೂರ್ಣ. ಬನದ ಹುಣ್ಣಿಮೆ ಆದ ಮೇಲೆ ಗವಿಮಠದ ಅಜ್ಜನ ಜಾತ್ರೆ. ತೇರಿನ ದಿನ ಎಲ್ಲರಿಗೂ ಆಫ್ ಬೇಕು, ಊರೆಲ್ಲ ಜನ ತುಂಬಿರುವುದರಿಂದ ಆಸ್ಪತ್ರೆಗೂ ಜನ ಬೇಕು. ನಾನು ಡಿಸೆಂಬರ್ ಮೊದಲ ವಾರವೇ ಹೆಸರು ಬರೆಸುತ್ತೇನೆ. ಹೋದ ವರ್ಷ ತೇರಿನ ದಿನ ಆಫ್ ಸಿಕ್ಕವರಿಗೆ ಈ ವರ್ಷ ಕೊನೆಯ ಸರದಿ. ಮಿಕ್ಕವರಲ್ಲಿ ಚೀಟಿ ಎತ್ತುವುದು. ಆ ಜಗಳದ ವರ್ಷ ಚೀಟಿ ಹುಡುಗಿಗೆ ಬಂತು. ಹಿರಿಯರು ಅವತ್ತು ಮಧ್ಯಾಹ್ನದ ಡ್ಯೂಟಿ ಮಾಡಿದರು, ಗೊಣಗುತ್ತಲೇ ಮಾಡಿದರು. ರಾತ್ರಿ 8ರ ಇಂಜೆಕ್ಷನ್‌ಗಳಿಗೆಲ್ಲ ಸಹಿ ಇತ್ತು.