‘ಕರತೇ’ ಅಲ್ಲ, ‘ಕರತೋ’

ನಾನೂ ಗಂಡಸು, ನನ್ನ ಸಂಗಾತಿಯೂ ಗಂಡಸು. ಅವನ ಮನೆಮಾತು ಮರಾಠಿ. ಹುಟ್ಟುಹಬ್ಬದ ಕಾರ್ಡಿನಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ, ನೀನು ನನಗೆ ತುಂಬಾ ಇಷ್ಟ’ ಅನ್ನೋದಕ್ಕೆ ‘ಮೀ ತುಝ್ಯಾವರ್ ಪ್ರೇಮ್ ಕರತೇ, ತೂ ಮಲಾ ಖೂಪ್ ಆವಡತೋಸ್’ ಅಂತ ಬರೆದುಕೊಟ್ಟೆ. ‘ಯಾವ ಹುಡುಗಿ ಕೈಲೆ ಬರಸಿದಿ?’ ಅಂತ ಬಿದ್ದು ಬಿದ್ದು ನಕ್ಕ. ‘ಪ್ರಿಯಕರನಿಗೆ’ ಅಂತಿದ್ದ ಸಾಲುಗಳನ್ನೇ ಆರಿಸಿದ್ದೆ. ತಪ್ಪಿದ್ದೆಲ್ಲಿ?
— ಓದುಗ, ವಿದ್ಯಾನಗರ, ಹುಬ್ಬಳ್ಳಿ

ತಪ್ಪಿದ್ದು ಒಂದೇ ಅಕ್ಷರ. ‘ಕರತೇ’ ಅನ್ನುವವಳು ಹೆಣ್ಣು. ನೀವು ‘ಕರತೋ’ ಅನ್ನಬೇಕಿತ್ತು.

ಕನ್ನಡದವರಿಗೆ ಇದು ಕಿವಿಗೆ ಬೀಳುವುದೇ ಇಲ್ಲ. ‘ನೀ ಅಂದ್ರ ನನಗ ಜೀವ’ ಅಂತ ಯಾರು ಯಾರಿಗೆ ಹೇಳಿದರೂ ಮಾತು ಬದಲಾಗುವುದಿಲ್ಲ. ನಮ್ಮಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣಿನ ಗುರುತು ಹತ್ತುವುದು ಮೂರನೆಯವರ ಸುದ್ದಿ ಬಂದಾಗ: ಅವ ಬಂದ, ಆಕಿ ಬಂದಳು. ಮರಾಠಿಯಲ್ಲಿ ‘ನಾನು’, ‘ನೀನು’ ಕೂಡ ತಪ್ಪಿಸಿಕೊಳ್ಳುವುದಿಲ್ಲ. ‘ಕರತೋ’, ‘ಕರತೇ’ ಹೇಳುವವರನ್ನು ತೋರಿಸುತ್ತದೆ. ‘ಆವಡತೋಸ್’, ‘ಆವಡತೇಸ್’ ಇಷ್ಟವಾದವರನ್ನು ತೋರಿಸುತ್ತದೆ.

ಹಾಗಾಗಿ ಪ್ರಿಯಕರನಿಗೆಂದು ಬರೆದಿಟ್ಟ ಸಾಲು ನಿಮಗೆ ಅರ್ಧ ಮಾತ್ರ ಒಪ್ಪುತ್ತದೆ. ಅದನ್ನು ಬರೆದವರ ಮನಸ್ಸಿನಲ್ಲಿ ಹೇಳುವವಳು ಹೆಣ್ಣೇ. ಪ್ರೇಯಸಿಗೆಂದು ಬರೆದದ್ದನ್ನು ತೆಗೆದುಕೊಂಡಿದ್ದರೆ ‘ಕರತೋ’ ಸರಿಹೋಗಿ, ‘ಆವಡತೇಸ್’ ಕೈಕೊಡುತ್ತಿತ್ತು. ನೀವು ಒಂದರಿಂದ ‘ಕರತೋ’, ಇನ್ನೊಂದರಿಂದ ‘ಆವಡತೋಸ್’ ಎತ್ತಿ ಹೊಲಿಯಬೇಕು. ಇಬ್ಬರು ಹೆಂಗಸರಾದರೆ ‘ಕರತೇ’, ‘ಆವಡತೇಸ್’. (ಕೊಲ್ಹಾಪುರದ ಕಡೆ ಹೆಣ್ಣುಮಕ್ಕಳೂ ‘ಮೀ ಯೇತೋ’ ಅನ್ನುತ್ತಾರೆ. ಆ ಕಡೆಯ ಮಾತನ್ನು ಕೇಳಿ ಕಲಿತವರು ಇದನ್ನು ನೆನಪಿಡಿ.)

ಹೊಲಿಗೆಯೇ ಬೇಡವೆಂದರೆ ‘ಮಾಝಂ ತುಝ್ಯಾವರ್ ಪ್ರೇಮ್ ಆಹೇ’ ಅಂತ ಬರೆಯಿರಿ. ‘ನನಗೆ ನಿನ್ನ ಮೇಲೆ ಪ್ರೀತಿ ಇದೆ’ ಎಂದ ಹಾಗೆ. ಇಲ್ಲಿ ‘ಮಾಝಂ’ ಹೊಂದಿಕೊಳ್ಳುವುದು ‘ಪ್ರೇಮ್’ ಎಂಬ ನಪುಂಸಕ ಪದಕ್ಕೆ, ನಿಮಗೂ ಅಲ್ಲ, ಅವರಿಗೂ ಅಲ್ಲ. ಹಿಂದಿಯಲ್ಲೂ ‘ಕರತಾ ಹೂಂ’, ‘ಕರತೀ ಹೂಂ’ ಬಿಟ್ಟು ‘ಮುಝೇ ತುಮ್‌ಸೇ ಪ್ಯಾರ್ ಹೈ’ ಅಂದರೆ ಇದೇ ಅನುಕೂಲ. ಆದರೂ ನನಗೆ ‘ಆವಡತೋಸ್’ ಹೆಚ್ಚು ಹಿಡಿಸುತ್ತದೆ. ಎದುರಿಗಿರುವವನು ಗಂಡಸು ಎಂಬುದನ್ನು ಆ ಪದ ಮುಚ್ಚಿಡುವುದಿಲ್ಲವಲ್ಲ.

ಈಗ ಎಲ್ಲ ‘ತೇ’ಗಳನ್ನೂ ‘ತೋ’ ಮಾಡಲು ಹೊರಟೀರಿ, ಜೋಕೆ. ‘ಮಲಾ ತುಝೀ ಆಠವಣ್ ಯೇತೇ’ ಎಂಬುದನ್ನು ಮುಟ್ಟಬೇಡಿ. ‘ಆಠವಣ್’ ಅಂದರೆ ನೆನಪು, ಮರಾಠಿಯಲ್ಲಿ ಅದು ಸ್ತ್ರೀಲಿಂಗ. ಅದರ ಸಲುವಾಗಿಯೇ ‘ತುಝೀ’, ಅದರ ಸಲುವಾಗಿಯೇ ‘ಯೇತೇ’. ನಮ್ಮ ‘ನಿನ್ನ ನೆನಪು ಬರ್ತದ’ ಇದ್ದ ಹಾಗೆ, ಬರುವುದು ನೆನಪು, ನೀವಲ್ಲ. ಹಿಂದಿಯ ‘ಮೇರೀ ಜಾನ್’ ಕೂಡ ಹೀಗೆಯೇ: ‘ಜಾನ್’ ಸ್ತ್ರೀಲಿಂಗ, ಗಂಡಸಿಗೆ ಹೇಳುವಾಗಲೂ ‘ಮೇರೀ’. ಅದನ್ನು ‘ಮೇರಾ ಜಾನ್’ ಮಾಡಿದರೆ ಮತ್ತೊಂದು ಸಲ ನಗುತ್ತಾರೆ.